ಮಾರಿದ ಮರುದಿನದ ರೇಟು

ವಾಟ್ಸಾಪಿಗೆ ಒಟ್ಟು ಐದು ಪೋಸ್ಟು. ಅವನ್ನು ಬರೆಯುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಚೆನ್ನಾಗಿ ಬರೆಯುತ್ತೇನೆಂದಲ್ಲ, ಬೇರೆಯವರು ಬರೆದದ್ದನ್ನು ಓದಿ ಬಾಯಿ ಮುಚ್ಚಿಕೊಂಡು ಕೂರಲಾರದೆ ಹೋದದ್ದಕ್ಕೆ.

ಗೋಕಾಕದಲ್ಲಿ ರೈತರೇ ಷೇರು ಹಾಕಿ ಕಟ್ಟಿಕೊಂಡ ಒಂದು ಕಂಪನಿಯಲ್ಲಿ ನನ್ನ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯ ರೈತರು ಅದರ ಸದಸ್ಯರು. ಬೀಜ, ಗೊಬ್ಬರದ ಬಿಲ್ಲು ಮಾಡುವುದು, ಸದಸ್ಯರ ವಾಟ್ಸಾಪ್ ಗುಂಪುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ. ಊರು ಕುಲಗೋಡ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸಿಗೆ ಮರಳುತ್ತೇನೆ.

ಮಾರುಕಟ್ಟೆಯ ರೇಟನ್ನು ಮೊಬೈಲಿನಲ್ಲೇ ನೋಡುವಂತೆ ಕಂಪನಿ ಒಂದು ಆ್ಯಪ್ ಮಾಡಿಸಿತು. ಮಾಡಿದ ಹುಡುಗರು ಬೆಳಗಾವಿಯವರು, ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ್ಯಪ್ ಬಿಡುಗಡೆಯಾಗುವುದನ್ನು ಜನರಿಗೆ ತಿಳಿಸಲು ಅವರು ಬರೆದು ಕಳಿಸಿದ ಮೊದಲ ಪೋಸ್ಟು ಹೀಗಿತ್ತು: 'ಆತ್ಮೀಯ ರೈತ ಬಾಂಧವರೇ, ಕೃಷಿ ಕ್ಷೇತ್ರದಲ್ಲಿ ಡಿಜಿಟಲ್ ಕ್ರಾಂತಿಗೆ ಸಜ್ಜಾಗಿ.' ಓದಿ ನನಗೆ ಮೈಯೆಲ್ಲ ಉರಿಯಿತು. ಹೊಲದ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವವನು ಯಾವ ಕ್ರಾಂತಿಗೆ ಸಜ್ಜಾಗಬೇಕು?

"ಸರ್, ಇದನ್ನ ನಮ್ಮಪ್ಪ ಓದಿದ್ರ ಯಾವ್ದೋ ಪಾರ್ಟಿಯವ್ರು ಓಟ್ ಕೇಳಾಕತ್ತಾರ ಅಂತಾನ್ರಿ" ಎಂದೆ ಕಂಪನಿಯ ಅಧ್ಯಕ್ಷರಿಗೆ.

ಅಧ್ಯಕ್ಷರು ಕಬ್ಬು ಬೆಳೆಯುವ ಮನುಷ್ಯ, ಮಾತು ಕಡಿಮೆ. "ಹಂಗಾರ ನೀನ ಬರಿಯವಾ" ಎಂದು ಎದ್ದು ಹೋದರು.

ನಾನು ಬರೆಯಲು ಕೂತಾಗ ಕಣ್ಣ ಮುಂದೆ ಬಂದದ್ದು ಒಬ್ಬನೇ ಮನುಷ್ಯ, ನಮ್ಮ ಕಾಕಾ. ಅಪ್ಪನ ತಮ್ಮ. ಗೋಕಾಕದ ಮಾರುಕಟ್ಟೆಯ ಒಬ್ಬ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಾನೆ. ರೈತರ ಮಾಲು ಇಳಿಸಿ, ಹರಾಜಿನ ಸವಾಲು ಮುಗಿದ ಮೇಲೆ ಕಾಟಾದ ಮೇಲೆ ತೂಗುವುದು. ಊರಲ್ಲಿ ಅವನಿಗೂ ಅಪ್ಪನ ಹೊಲದ ಬಾಜೂ ಒಂದು ತುಂಡು ಹೊಲ ಉಂಟು. ಸಂಜೆ ಅವನು ಬಸ್ಸಿನಿಂದ ಇಳಿದರೆ ಕುಲಗೋಡದ ಅರ್ಧ ಊರು ಅವನನ್ನೇ ಕೇಳುತ್ತದೆ: "ಏನಪಾ, ಇವತ್ತ ಗೊಂಜಾಳ ಹೆಂಗ?" ಮೆಕ್ಕೆಜೋಳಕ್ಕೆ ನಮ್ಮ ಕಡೆ ಗೊಂಜಾಳವೆನ್ನುತ್ತಾರೆ. ಕಾಕಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಮಂತ್ರಿಯ ಗತ್ತಿನಲ್ಲಿ ರೇಟು ಹೇಳುತ್ತಾನೆ. ಆ ಗತ್ತನ್ನು ನೋಡಿದರೆ ನನಗೆ ನಗುವೂ ಬರುತ್ತದೆ, ಮುದ್ದೂ ಬರುತ್ತದೆ.

ಕೈಚೀಲ ಹಿಡಿದು ಬಸ್ಸಿನ ಮೆಟ್ಟಿಲಿಳಿಯುವ ಅವನ ಫೋಟೋ ತೆಗೆದೆ. ಕೆಳಗೆ ಎರಡೇ ಸಾಲು: 'ಇವತ್ತ ರೇಟ್ ಎಷ್ಟ್ರೀ? ನೀವು ಯಾರನ್ನ ಕೇಳ್ತೀರಿ?' ಆ್ಯಪಿನ ಹೆಸರೂ ಇಲ್ಲ, ಏನೂ ಇಲ್ಲ. ಸೋಮವಾರ ಅದು ಎಲ್ಲ ಗುಂಪುಗಳಿಗೂ ಹೋಯಿತು. ಮಧ್ಯಾಹ್ನದೊಳಗೆ ಮೂಡಲಗಿಯಿಂದ ಒಬ್ಬರು ತಮ್ಮ ಊರಿನ ರೇಟು ಹೇಳುವವನ ಫೋಟೋ ಹಾಕಿದರು, ಹುಕ್ಕೇರಿಯವರು ತಮ್ಮವನದು. ಕಾಕಾ ಮಾತ್ರ ಸಿಟ್ಟಾಗಿದ್ದ, ಕ್ಷೌರ ಮಾಡಿಸಿಕೊಳ್ಳದ ದಿನ ಫೋಟೋ ತೆಗೆದೆನೆಂದು.

ಎರಡನೆಯ ಪೋಸ್ಟು ಅವನದೇ ಮಾತಿನಿಂದ ಹುಟ್ಟಿತು. ಆ್ಯಪಿನಲ್ಲಿ ಒಂದು ಮಾಲಿಗೆ ಮೂರು ರೇಟು ಕಾಣುತ್ತವೆ: ಆ ದಿನ ಮಾರಾಟವಾದದ್ದರಲ್ಲಿ ಎಲ್ಲಕ್ಕಿಂತ ಕಡಿಮೆ, ಎಲ್ಲಕ್ಕಿಂತ ಹೆಚ್ಚು, ಮತ್ತೆ ಮಾದರಿ. ಈ ಮೂರನೆಯದನ್ನು ಹೇಗೆ ತಿಳಿಸುವುದೆಂದು ನಾನು ಪೆನ್ನು ಕಚ್ಚುತ್ತಿದ್ದೆ. ಕಾಕಾ ಬಸ್ಸಿನಲ್ಲಿ ಕಡಲೆಕಾಯಿ ಸುಲಿಯುತ್ತ ಹೇಳಿಬಿಟ್ಟ: "ಬಾಳ ಮಂದಿ ಮಾಲ ಯಾ ರೇಟಿಗೆ ಹೋಗತೈತಿ, ಅದ ಮಾದರಿ. ಮ್ಯಾಲಿನ ರೇಟ್ ಒಬ್ಬಾಂವಗ ಬರತೈತಿ, ಮಂದಿ ಎಲ್ಲಾ ಆ ಒಬ್ಬಾಂವ ನಾನ ಅಂತ ತಿಳ್ಕೋತಾರ." ಅದನ್ನೇ ಹಾಕಿದೆ: 'ಮ್ಯಾಲಿನ ರೇಟ್ ನೋಡಿ ಟ್ರ್ಯಾಕ್ಟರ್ ಹೊಡೀಬ್ಯಾಡ್ರಿ, ಮಾದರಿ ನೋಡ್ರಿ.' ಚಿತ್ರದಲ್ಲಿ ಆ್ಯಪಿನ ಪರದೆ ತೋರಿಸಬೇಕಿತ್ತು. ರೇಟು ಇರುವ ಜಾಗವನ್ನೆಲ್ಲ ಖಾಲಿ ಬಿಡಿಸಿದೆ. ಇಲ್ಲದಿದ್ದರೆ ಆ ಚಿತ್ರ ಗುಂಪಿನಿಂದ ಗುಂಪಿಗೆ ಹಾರಿ, ಯಾವುದೋ ವಾರ ಯಾರೋ ಅದನ್ನೇ ಇವತ್ತಿನ ರೇಟೆಂದು ನಂಬಿ ಮಾಲು ಹೇರಿಬಿಡುತ್ತಾರೆ. ನಮ್ಮ ಜನ ನನಗೆ ಗೊತ್ತು.

ಗುರುವಾರ ಬಿಡುಗಡೆ. ಮೂರನೆಯ ಪೋಸ್ಟಿನಲ್ಲಿ ಲಿಂಕು ಹಾಕಿದೆವು, ನಾನು ಹುಕ್ಕೇರಿಗೆ ಹೋಗಿ ಹೆಣ್ಣುಮಕ್ಕಳ ಸಂಘದಲ್ಲಿ ಮೊಬೈಲು ಹಿಡಿದು ತೋರಿಸಿದೆ. ಮಾರುಕಟ್ಟೆ ಆರಿಸಬೇಕು, ಮಾಲು ಆರಿಸಬೇಕು, ಅಷ್ಟೇ. ಸವಾಲು ಮುಗಿದು ಲೆಕ್ಕ ಸೇರಿದ ಮೇಲೆ ಸಂಜೆಗೆ ಆ ದಿನದ ರೇಟು ಬರುತ್ತದೆ. ಸೋಯಾಬೀನ್ ಬೆಳೆದ ಒಬ್ಬ ಅಜ್ಜಿ ಕೇಳಿದಳು, "ಮಾರ್ಕೆಟ್ ಸೂಟಿ ಇದ್ದಾಗ ಏನ ತೋರಸ್ತೈತಿ?" ಹಿಂದೆ ವ್ಯಾಪಾರ ನಡೆದ ದಿನದ್ದನ್ನೇ, ತಾರೀಖು ಸಮೇತ ತೋರಿಸುತ್ತದೆ ಎಂದೆ. "ಹಂಗಾರ ಸುಳ್ಳ ಹೇಳೂದಿಲ್ಲ" ಎಂದು ಅವಳು ತಲೆದೂಗಿದಳು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಬಸ್ಸಿನಲ್ಲಿ ಮರಳುವಾಗ ಒಬ್ಬಳೇ ನಗುತ್ತಿದ್ದೆ. ನಮ್ಮ ಆ್ಯಪ್ ಸುಳ್ಳು ಹೇಳುವುದಿಲ್ಲ. ಇದರಲ್ಲಿ ಹೆದರುವಂಥದ್ದೇನಾದರೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ನಾಲ್ಕನೆಯದು ನನ್ನ ಹೆಮ್ಮೆಯ ಪೋಸ್ಟು. ಆ್ಯಪಿನಲ್ಲಿ ಹಿಂದಿನ ಕೆಲವು ವರ್ಷಗಳ ರೇಟೂ ಸಿಗುತ್ತದೆ, ತಾರೀಖು ಒತ್ತಿದರೆ ಆಯಿತು. ಅದನ್ನು ತಿಳಿಸಲು ಬರೆದೆ: 'ನೀವು ಮಾಲ ಮಾರಿದ ದಿನ ನೆನಪೈತೇನ್ರಿ? ಆ ದಿನದ ರೇಟ್ ನೋಡ್ರಿ. ಮರುದಿನ ಏನಾತು, ಅದನ್ನೂ ನೋಡ್ರಿ!' ಹಾಕುವ ಮೊದಲು ಎಂದಿನಂತೆ ಕಾಕಾನಿಗೆ ಕಳಿಸಿದೆ. ಓದುಗರ ಪೈಕಿ ನನಗೆ ಅವನೇ ಮೊದಲನೆಯವನು, ಅವನಿಗೆ ತಿಳಿದರೆ ಎಲ್ಲರಿಗೂ ತಿಳಿಯಿತೆಂದು ಲೆಕ್ಕ.

ಉತ್ತರ ಬರೆಯುವ ಬದಲು ಊಟದ ಹೊತ್ತಿಗೆ ಅವನೇ ನನ್ನ ಆಫೀಸಿಗೆ ಬಂದ. ಮೈಮೇಲೆಲ್ಲ ಗೊಂಜಾಳದ ಧೂಳು. ಬಾಗಿಲಲ್ಲೇ ನಿಂತು, "ಇದೊಂದ ಬಿಡವಾ" ಎಂದ.

"ಯಾಕ ಕಾಕಾ? ತಪ್ಪೇನೈತಿ?"

"ತಪ್ಪಿಲ್ಲ. ನಿಮ್ಮಪ್ಪ ನೋಡ್ತಾನ."

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ನಮ್ಮ ಅಪ್ಪನಿಗೆ ಜೀವನದಲ್ಲಿ ಒಂದೇ ಒಂದು ಜಂಭ. ಅವನು ಮಾಲು ಮಾರಿದ ಮರುದಿನ ರೇಟು ಬೀಳುತ್ತದೆ, ಅದು ಅವನ ಕೈಗುಣ. ಬೆಳೆ ಬರದೆ ಹೋದ ವರ್ಷವಿದೆ, ಮಳೆ ಹೆಚ್ಚಾಗಿ ತೆನೆ ಮೊಳೆತ ವರ್ಷವಿದೆ, ಅದಕ್ಕೆಲ್ಲ ಅವನು ತಲೆ ಕೆಡಿಸಿಕೊಂಡವನಲ್ಲ. 'ಬೆಳಿಯೂದು ನಮ್ಮ ಕೈಯಾಗಿಲ್ಲ, ಮಾರೂದು ಐತಿ' ಎಂದು ಬೀಗರ ಎದುರಿಗೂ ಹೇಳಿ ಮೀಸೆ ತಿರುವುತ್ತಾನೆ. ಅವ್ವ ನಗುತ್ತಾಳೆ, ನಾವು ಮಕ್ಕಳು ಚೇಷ್ಟೆ ಮಾಡುತ್ತೇವೆ. ಆದರೂ ಒಳಗೊಳಗೆ ನಮಗೂ ನಂಬಿಕೆಯೇ. ಮಾರಿದ ಮೇಲೆ ಅವನು ಊರೊಳಗೆ ಯಾರನ್ನೂ ರೇಟು ಕೇಳುವುದಿಲ್ಲ. ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ತಮ್ಮನ ದಾರಿ ನೋಡುತ್ತಾನೆ. ಕಾಕಾ ಬಂದು ಚಾ ಕುಡಿದು, "ಅಣ್ಣಾ, ಬಿತ್ತ ನೋಡ" ಎನ್ನುತ್ತಾನೆ. ಅಪ್ಪ ಅವ್ವನ ಕಡೆ ತಿರುಗಿ, "ಕೇಳಿದಿಲ್ಲೋ?" ಎನ್ನುತ್ತಾನೆ. ನಾನು ಬುದ್ಧಿ ಬಂದಾಗಿನಿಂದ ನೋಡಿದ್ದು ಇದೇ.

"ಎಲ್ಲಾ ಸಲಾನೂ ಬಿದ್ದಿಲ್ಲವಾ" ಎಂದ ಕಾಕಾ, ಬಾಗಿಲ ಚೌಕಟ್ಟು ನೋಡುತ್ತ.

ನಾನು ಪೆನ್ನು ಕೆಳಗಿಟ್ಟೆ.

"ಒಮ್ಮೆ ಬೀಳತೈತಿ, ಒಮ್ಮೆ ಏರತೈತಿ. ಮಾರ್ಕೆಟ್ ಯಾರಪ್ಪಂದವಾ? ನೀ ಸಣ್ಣಾಕಿದ್ದಾಗ ಒಂದ ಸಲ ನಿಮ್ಮಪ್ಪ ಮಾರಿ ಬಂದ. ಮರುದಿನ ರೇಟ್ ಏರಿತು. ನಾ ದಡ್ಡ, ಬಂದಾಂವನ ಹೇಳಿಬಿಟ್ಟೆ. ಎರಡ ದಿನ ಗಂಗಾಳದ ಮುಂದ ಕುಂತಾಂವ ಊಟಾ ಮಾಡ್ಲಿಲ್ಲ. ಹೊಲಕ್ಕ ಹೋಗ್ಲಿಲ್ಲ. ಅವತ್ತಿಂದ ನಾ ಏರಿದ್ದ ಹೇಳೂದ ಬಿಟ್ಟೇನಿ."

"ಅಂದ್ರ ಕೈಗುಣ...?"

"ಮಾರೂಕ್ಕಿಂತ ಮೊದಲ ಯಾವತ್ತೂ ಸುಳ್ಳ ಹೇಳಿಲ್ಲವಾ. ಅದರಾಗ ಖರೇನ ಹೇಳೇನಿ. ಮಾರಿದ್ದ ಮಾರಿ ಆತು. ಆಮ್ಯಾಲೆ ಖರೇ ತಗೊಂಡು ಏನ ಮಾಡ್ತಾನ? ಉಪ್ಪ ಹಚ್ಕೊಂಡ ನೆಕ್ಕತಾನೇನು?"

ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಕಾಕಾ ಎಷ್ಟು ವರ್ಷಗಳಿಂದ ಬಸ್ಸಿನಲ್ಲಿ ಕೂತು ಅಣ್ಣನಿಗೆ ಹೇಳುವ ಸುಳ್ಳನ್ನು ಸರಿಮಾಡಿಕೊಳ್ಳುತ್ತ ಬಂದಿರಬೇಕು! ಅಪ್ಪನಿಗೆ ಈ ವರ್ಷದ ಮಾಲು ಇನ್ನೂ ಮಾರುವುದಿತ್ತು. ಆದರೆ ಆ್ಯಪು ಅವನ ಮೊಬೈಲಿನಲ್ಲಿ ಆಗಲೇ ಇತ್ತು, ಮಗಳು ಮಾಡಿದ್ದೆಂದು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ.

ಅಧ್ಯಕ್ಷರ ಹತ್ತಿರ ಹೋಗಿ ನಾಲ್ಕನೆಯ ಪೋಸ್ಟು ಬೇಡವೆಂದೆ. ಕಾರಣ ಹೇಳಲು ಬಾಯಿ ಬರಲಿಲ್ಲ. ಅವರು ಒಪ್ಪಲಿಲ್ಲ.

"ಅದ ಮುಖ್ಯ ಐತ್ಯಲಾ ಯವ್ವಾ. ಯಾ ತಿಂಗಳದಾಗ ರೇಟ್ ಇಳೀತೈತಿ, ಯಾ ತಿಂಗಳದಾಗ ಏರತೈತಿ ಅಂತ ತಿಳಿದ್ರ ರೈತ ನಾಕ ದಿನ ತಡೀತಾನ. ಅದನ್ನ ಹೇಳ್ಲಿಲ್ಲಂದ್ರ ಆ್ಯಪ್ ಯಾಕ ಮಾಡಿದಿವಿ?"

ಅವರ ಮಾತು ಸರಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಕೂತು ಪೋಸ್ಟನ್ನು ತಿರುಗಿಸಿ ಬರೆದೆ. ಮಾರಿದ ದಿನ, ಮರುದಿನ ಎಂಬ ಮಾತನ್ನೇ ತೆಗೆದೆ. 'ಮಾರೂಕ್ಕಿಂತ ಮೊದಲ ನೋಡ್ರಿ. ಹೋದ ವರ್ಷ ಈ ತಿಂಗಳು ರೇಟ್ ಹೆಂಗಿತ್ತು, ಮುಂದಿನ ತಿಂಗಳು ಹೆಂಗಾತು?' ಪೋಸ್ಟಿನ ಜೊತೆಗೆ ಹಾಕುವ ವಿಡಿಯೋದಲ್ಲೂ ತಾರೀಖು ಒತ್ತುವುದನ್ನು ಬಿಟ್ಟು ತಿಂಗಳು ಆರಿಸುವುದನ್ನಷ್ಟೇ ತೋರಿಸಿದೆ. ಕಾಕಾ ಓದಿ, "ಅಷ್ಟ ಸಾಕು. ಮುಂದಿಂದ ಕೇಳ್ಲಿ, ಹಿಂದಿಂದ ಬ್ಯಾಡ" ಎಂದ. ಇಬ್ಬರಿಗೂ ಸಮಾಧಾನವಾಯಿತು. ಆದರೆ ಹಿಂದಿನ ರೇಟು ಇದೆಯೆಂದು ಒಮ್ಮೆ ಹೇಳಿದ ಮೇಲೆ ತಾರೀಖು ಒತ್ತದೆ ಬಿಡುವ ಮನುಷ್ಯನೇ ನಮ್ಮಪ್ಪ?

ಶನಿವಾರ ಪೋಸ್ಟು ಹೋಯಿತು. ಭಾನುವಾರ ಬೆಳಿಗ್ಗೆ ಅಪ್ಪ ಕಟ್ಟೆಯ ಮೇಲೆ ಚಾಳೀಸು ಮೂಗಿಗೇರಿಸಿಕೊಂಡು ಮೊಬೈಲು ಹಿಡಿದು ಕೂತಿದ್ದ. ನಾನು ಅಂಗಳ ಗುಡಿಸುತ್ತಿದ್ದೆ.

"ನಿನ್ನ ತಮ್ಮನ ಲಗ್ನದ ಮುಂದ ಗೊಂಜಾಳ ಮಾರಿದ್ನೆಲಾ, ಯಾ ತಾರೀಖವಾ ಅದು?" ಎಂದ.

ಕಸಬರಿಗೆ ಕೈಯಲ್ಲೇ ನಿಂತಿತು. "ನೆನಪಿಲ್ಲಪಾ."

"ನಂಗ ನೆನಪೈತಿ ಬಿಡು. ಅರಿಶಿಣ ಹಚ್ಚೂದು ಬುಧವಾರ, ಸೋಮವಾರ ಮಾರಿದ್ದೆ." ಬೆರಳಿಗೆ ಎಂಜಲು ಹಚ್ಚಿಕೊಂಡು ಪರದೆ ಒತ್ತಿದ. ನಾನು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಅವನು ಮತ್ತೊಂದು ತಾರೀಖು ಒತ್ತಿದ, ಮುಂದಿನ ದಿನದ್ದು. ಆಮೇಲೆ ಅದಕ್ಕೂ ಹಿಂದಿನ ವರ್ಷ. ಅದಕ್ಕೂ ಹಿಂದಿನದು. ಒಂದೊಂದು ಮಾರಾಟಕ್ಕೂ ಅವನ ಬಳಿ ಮನೆಯ ಒಂದು ನೆನಪಿತ್ತು: ಎಮ್ಮೆ ಈದದ್ದು, ಬೋರು ಕೊರೆಸಿದ್ದು, ಅವ್ವನ ಕಣ್ಣಿನ ಆಪರೇಷನ್ನು. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಇಷ್ಟು ವರ್ಷ ಅವನನ್ನು ಎತ್ತಿ ನಿಲ್ಲಿಸಿದ್ದ ಒಂದು ಹೆಮ್ಮೆಯನ್ನು ನಾನೇ ಅವನ ಕೈಗೆ ಮೊಬೈಲು ಕೊಟ್ಟು ಕಸಿದುಕೊಂಡೆನೆನಿಸಿತು.

ಅಪ್ಪ ಚಾಳೀಸು ತೆಗೆದು ಮಡಚಿದ. ಮೊಬೈಲನ್ನು ಅಂಗಿಯ ಕಿಸೆಗೆ ಇಳಿಸಿದ.

"ಚಲೋ ಮಾಡೀರಿ. ಎಲ್ಲಾ ಬರದಿಟ್ಟಾರ" ಎಂದ. ಅಷ್ಟೇ. ಟವೆಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಮಧ್ಯಾಹ್ನ ಉಂಡನೋ ಇಲ್ಲವೋ ಎಂದು ನಾನು ಗಂಗಾಳವನ್ನೇ ನೋಡಿದೆ. ಎರಡು ರೊಟ್ಟಿ ತಿಂದ, ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಆದರೂ ನನಗೆ ಸಮಾಧಾನವಾಗಲಿಲ್ಲ.

ಕಾಕಾನಿಗೆ ಸೋಮವಾರ ಬಸ್ಸಿನಲ್ಲಿ ಹೇಳಿದೆ. ಅವನ ಮುಖ ಸಣ್ಣದಾಯಿತು. "ಏನಂದ?" ಎಂದು ನಾಲ್ಕಾರು ಸಲ ಕೇಳಿದ. 'ಚಲೋ ಮಾಡೀರಿ' ಎಂದಷ್ಟೇ ಅಂದನೆಂದರೆ ನಂಬಲಿಲ್ಲ. ಆ ದಿನ ಸಂಜೆ ಕಾಕಾ ನಮ್ಮ ಮನೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಬೀದಿಯ ತುದಿಯನ್ನು ನೋಡಿ ನೋಡಿ ಒಳಗೆ ಬಂದ. ಅವ್ವ ಹೆಚ್ಚಿಗೆ ಮಾಡಿದ ಚಾ ಆರಿ ಕೆನೆಗಟ್ಟಿತು. ಅಣ್ಣತಮ್ಮಂದಿರು ಆಸ್ತಿಗೆ ಜಗಳವಾಡಿ ಮಾತು ಬಿಡುವುದನ್ನು ನೋಡಿದ್ದೇನೆ, ಅಕ್ಕರೆ ಹೆಚ್ಚಾಗಿ ಮುಖ ಮರೆಸುವುದನ್ನು ನೋಡಿದ್ದು ಅದೇ ಮೊದಲು.

ಇದರ ನಡುವೆ ಕಾಕಾ ತನ್ನ ಹೊಲದ ಗೊಂಜಾಳವನ್ನು ಮಾರಿದ. ಅವನು ಮಾರಿದ್ದು ಬುಧವಾರ. ಗುರುವಾರ ಸಂಜೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಆ ದಿನದ ರೇಟನ್ನು ನಾನು ಆ್ಯಪಿನಲ್ಲಿ ನೋಡಿಯೇ ಹೊರಟಿದ್ದೆ. ಅವನು ಅದೇ ರೇಟಿನ ಮಾಲನ್ನು ಹಗಲೆಲ್ಲ ಕೈಯಾರೆ ತೂಗಿದ್ದ.

"ಇವತ್ತ ಏರಿತು ನೋಡವಾ" ಎಂದ ಕಿಟಕಿಯಾಚೆ ನೋಡುತ್ತ. "ಮಂದಿಗೆಲ್ಲಾ ತಡೀರಿ ಅಂತ ಹೇಳಾಂವ ನಾ. ನಾನ ತಡೀಲಿಲ್ಲ." ನಕ್ಕ. ಆ ನಗು ನೋಡಿ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ಬಸ್ಸಿಳಿದ ಮೇಲೆ ತನ್ನ ಮನೆಯ ಕಡೆ ಹೊರಟವನನ್ನು ನಾನೇ ಚೀಲ ಕಸಿದುಕೊಂಡು ನಮ್ಮ ಮನೆಗೆ ಎಳೆದುಕೊಂಡು ಹೋದೆ. ಐದನೆಯ ಪೋಸ್ಟಿಗೆ ಫೋಟೋ ಬೇಕು, ಅಣ್ಣ ತಮ್ಮ ಇಬ್ಬರೂ ಕೂಡಿ ಕೂರಬೇಕು ಎಂದೆ. ಫೋಟೋ ಬೇಕಾದದ್ದು ಖರೆ, ಅವಸರ ಮಾತ್ರ ನನ್ನದು.

ಅಪ್ಪ ಕಟ್ಟೆಯ ಮೇಲಿದ್ದ. ತಮ್ಮನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದ. ಕಾಕಾ ಕೂತ. ಅವ್ವ ಚಾ ತಂದಳು. ಇಬ್ಬರೂ ಬಸಿಯನ್ನೇ ನೋಡುತ್ತ ಕುಡಿದರು. ನಾನು ಮೊಬೈಲು ಹಿಡಿದು ಎದುರಿಗೆ ನಿಂತೆ.

"ಮಾರಿದಿ ಅಂತಲಾ ನಿನ್ನೆ?" ಎಂದ ಅಪ್ಪ.

"ಹೂಂ ಅಣ್ಣಾ."

ಅಪ್ಪ ಕಿಸೆಯಿಂದ ಚಾಳೀಸು ತೆಗೆದು ಹಾಕಿಕೊಂಡ. ಮೊಬೈಲು ತೆಗೆದ. ಮಾರುಕಟ್ಟೆ ಒತ್ತಿದ, ಮಾಲು ಒತ್ತಿದ, ಪರದೆಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ. ನಿಧಾನವಾಗಿ ಓದಿದ. ಆಮೇಲೆ ತಮ್ಮನ ಕಡೆ ತಿರುಗದೆಯೇ, ಪರದೆಯನ್ನೇ ನೋಡುತ್ತ ಹೇಳಿದ:

"ಬಿತ್ತ ನೋಡ ತಮ್ಮಾ. ಇವತ್ತ ಬಾಳ ಬಿದ್ದೈತಿ."

ಕಾಕಾನ ಅಂಗಿಯ ತೋಳಿಗೆ ಆ ದಿನ ತೂಗಿದ ಮಾಲಿನ ಧೂಳು ಇನ್ನೂ ಅಂಟಿತ್ತು. ಅವನು ಬಸಿಯನ್ನು ಕೆಳಗಿಟ್ಟ. ಅಣ್ಣನ ಮುಖ ನೋಡಿದ.

"ಹೌದಣ್ಣಾ? ಹಂಗಾರ ನಿನ್ನೆ ಮಾರಿದ್ದ ಚಲೋ ಆತು."

"ಚಲೋ ಆತು ಅಂದ್ರ! ಮನಿತನದ್ದ ಕೈಗುಣ ಇದು" ಎಂದು ಅಪ್ಪ ಅವ್ವನ ಕಡೆ ತಿರುಗಿದ. "ಕೇಳಿದಿಲ್ಲೋ?"

"ಕೇಳೇನ್ರಿ" ಎಂದಳು ಅವ್ವ. "ಚಾ ಇನ್ನೊಂದೀಟ ಹಾಕ್ಲೇನ್ರಿ ಇಬ್ಬರಿಗೂ?"

ಆಗ ನಾನು ಫೋಟೋ ತೆಗೆದೆ. ಕಾಕಾ ಟವೆಲಿನಿಂದ ಕಣ್ಣು ಒರೆಸುತ್ತಿದ್ದಾನೆ, ಕಣ್ಣಿಗೆ ಧೂಳು ಬಿತ್ತೆಂದು ಆಮೇಲೆ ಹೇಳಿದ. ಅಪ್ಪ ಮೀಸೆಯೊಳಗೇ ನಗುತ್ತ ಮೊಬೈಲಿನ ಪರದೆಯನ್ನು ನನ್ನ ಕಡೆ ಮಾಡಿ ಎದೆಯ ಮುಂದೆ ಹಿಡಿದಿದ್ದಾನೆ. ಎಷ್ಟೋ ಫೋಟೋ ತೆಗೆದಿದ್ದೇನೆ, ಅಷ್ಟು ಚಂದದ್ದು ಇನ್ನೊಂದಿಲ್ಲ.

ಮರುದಿನ ಆಫೀಸಿನಲ್ಲಿ ಐದನೆಯ ಪೋಸ್ಟು ಜೋಡಿಸಲು ಕೂತಾಗ ನೋಡಿದೆ, ಪರದೆ ಸ್ಪಷ್ಟವಾಗಿ ಕಾಣುತ್ತಿತ್ತು. ಚಿತ್ರ ಹಿಗ್ಗಿಸಿದರೆ ಗೋಕಾಕ, ಮೆಕ್ಕೆಜೋಳ, ಗುರುವಾರದ ತಾರೀಖು, ಏರಿದ ರೇಟು, ಎಲ್ಲವನ್ನೂ ಓದಬಹುದಿತ್ತು. ಅಪ್ಪನ ಗುಂಪಿಗೂ ಕಾಕಾನ ಗುಂಪಿಗೂ ಹೋಗುವ ಪೋಸ್ಟು ಅದು. ನಾನು ಫೋಟೋವನ್ನು ಅಪ್ಪನ ಅಂಗಿಯ ಮೇಲಿನ ಗುಂಡಿಯವರೆಗೆ ಕತ್ತರಿಸಿದೆ. ಎರಡು ಮುಖ ಮಾತ್ರ ಉಳಿದವು. ಕೆಳಗೆ, 'ಆ್ಯಪ್ ಹಾಕ್ಕೊಂಡ ಎಲ್ಲಾ ಮನಿತನಕ್ಕ ಶರಣು' ಎಂದು ಬರೆದೆ.

ಅಧ್ಯಕ್ಷರು ನನ್ನ ಹಿಂದೆ ನಿಂತು ನೋಡಿದರು. "ಫೋಟೋ ಚಲೋ ಐತಿ. ಆದ್ರ ಮೊಬೈಲ್ ಎಲ್ಲೈತವಾ? ಮೊಬೈಲ್ ಕಾಣ್ಲಿಲ್ಲಂದ್ರ ಮಂದಿಗೆ ಆ್ಯಪಿಂದು ಅಂತ ಹೆಂಗ ಗೊತ್ತಾಗಬೇಕು?"

"ಅವರ ಕೈಯಾಗ ಐತ್ರಿ ಸರ್" ಎಂದೆ. "ಇದೊಂದರಾಗ ಕಾಣೂದು ಬ್ಯಾಡ್ರಿ."